ಪತ್ತನಾಜೆ ಕಳೆದ ಮೇಲೆ ಬಂದ ಹರಕೆ ಕೋಲದ ಕೋರಿಕೆ

ಮೇ ತಿಂಗಳ ಕೊನೆಗೆ ತುಳುನಾಡಿನ ದೈವಸ್ಥಾನಗಳ ಮೊಕ್ತೇಸರರಿಗೆ ಒಂದು ಬಗೆಯ ಕೋರಿಕೆ ಬರತೊಡಗುತ್ತದೆ. ಕೆಲವು ಫೋನಿನಲ್ಲಿ, ಕೆಲವು ವಾಟ್ಸಾಪಿನಲ್ಲಿ, ಇನ್ನು ಕೆಲವು ಊರಲ್ಲಿರುವ ಅಕ್ಕನ ಅಥವಾ ಮಾವನ ಬಾಯಿಂದ. ಎಲ್ಲದರ ತಿರುಳು ಒಂದೇ: "ಮಕ್ಕಳಿಗೆ ಜುಲೈ, ಆಗಸ್ಟಿನಲ್ಲಿ ರಜೆ. ಆಗ ಊರಿಗೆ ಬರುತ್ತೇವೆ. ಹೇಳಿಕೊಂಡ ಹರಕೆ ಕೋಲ ಆ ಹೊತ್ತಿಗೆ ಮುಗಿಸಿಬಿಡೋಣ."

ಗಲ್ಫ್ ದೇಶಗಳ ಶಾಲೆಗಳಿಗೆ ದೊಡ್ಡ ರಜೆ ಬರುವುದೇ ಆ ಎರಡು ತಿಂಗಳಲ್ಲಿ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ, ವರ್ಷಕ್ಕೆ ಒಂದೇ ಸಲ ಬರುತ್ತಾರೆ. ಅವರ ಕಡೆಯಿಂದ ನೋಡಿದರೆ ಕೋರಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೊತ್ತಿಗೆ ಪತ್ತನಾಜೆ ಕಳೆದಿರುತ್ತದೆ, ಮೊಕ್ತೇಸರರು ಆಗುವುದಿಲ್ಲ ಎನ್ನಲೇಬೇಕು. ಅದನ್ನು ಹೇಗೆ ಹೇಳಬೇಕು ಎಂಬುದು ಈ ಬರಹದ ವಿಷಯ. ಒಂದು ಮನೆಯವರನ್ನು ಬೆರಳು ಮಾಡಿ ತೋರಿಸಿದಂತಾಗಬಾರದೆಂದು, ಕೇಳಿದ ಹಲವು ಸಂಗತಿಗಳನ್ನು ಸೇರಿಸಿ ಒಂದೇ ಕುಟುಂಬದ, ಒಂದೇ ಕಾಗದದ ರೂಪದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನ ಓದುಗರಿಗಾಗಿ ಮೊದಲು ಪತ್ತನಾಜೆಯ ವಿಷಯ. ತುಳುವರ ತಿಂಗಳುಗಳು ಸೌರಮಾನದವು. ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಪಗ್ಗು ತಿಂಗಳು ಶುರುವಾಗುತ್ತದೆ, ಅದರ ಬೆನ್ನಿಗೆ ಬೇಶ. ಬೇಶದ ಹತ್ತನೆಯ ದಿನವೇ ಪತ್ತನಾಜೆ, ಹೆಚ್ಚುಕಡಿಮೆ ಮೇ 24ರ ಆಸುಪಾಸು. ಕನ್ನಡದಲ್ಲಿ ಹತ್ತನಾವಧಿ ಎನ್ನುವುದೂ ಉಂಟು. ಆ ದಿನಕ್ಕೆ ಕೋಲ, ನೇಮ, ಜಾತ್ರೆ ಎಲ್ಲ ಮುಗಿಯಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದೂ ಆಗಲೇ. ಕಟೀಲು, ಧರ್ಮಸ್ಥಳದ ಮೇಳಗಳು ತಿರುಗಾಟ ಮುಗಿಸಿ ಕ್ಷೇತ್ರದಲ್ಲಿ ಕೊನೆಯ ಸೇವೆ ಆಡಿ ಚೌಕಿ ಕಟ್ಟುತ್ತವೆ. ಮತ್ತೆ ದೈವ ಅಂಗಳಕ್ಕೆ ಇಳಿಯುವುದು ಮಳೆಗಾಲ ಕಳೆದು ದೀಪಾವಳಿ ಆದ ಮೇಲೆ. ಊರಿಂದೂರಿಗೆ ಒಂದಿಷ್ಟು ವ್ಯತ್ಯಾಸವಿದೆ, ತನ್ನದೇ ಕ್ರಮ ಇಟ್ಟುಕೊಂಡ ಸ್ಥಾನಗಳೂ ಇವೆ. ಆದರೆ ಪತ್ತನಾಜೆಯ ನಂತರ ಗಗ್ಗರ ಕಟ್ಟುವುದಿಲ್ಲ ಎಂದು ನಡೆದುಬಂದ ಸ್ಥಾನದಲ್ಲಿ ಅದನ್ನು ಮೀರುವ ಅಧಿಕಾರ ಗಡಿ ಹಿಡಿದವರಿಗೂ ಇಲ್ಲ, ಆಡಳಿತ ಸಮಿತಿಗೂ ಇಲ್ಲ.

ಈ ಕಟ್ಟು ಯಾಕೆ ಬಂತು ಎಂದು ಕೇಳಿದರೆ ಹಿರಿಯರು ನಂಬಿಕೆಯ ಮಾತನ್ನೇ ಮೊದಲು ಹೇಳುತ್ತಾರೆ. ಅಂಗಳದಲ್ಲಿ ನಿಂತು ನೋಡಿದವರಿಗೆ ಬೇರೆ ಕಾರಣಗಳೂ ಕಾಣುತ್ತವೆ. ಕೋಲ ನಡೆಯುವುದು ಬಯಲಲ್ಲಿ, ರಾತ್ರಿಯಿಡೀ. ದೈವದ ಸೊಂಟಕ್ಕೆ ಕಟ್ಟುವುದು ತೆಂಗಿನ ಎಳೆಯ ಗರಿಯನ್ನು ಸೀಳಿ ಮಾಡಿದ ತಿರಿ. ಒಂದು ಮಳೆ ಹೊಡೆದರೆ ಅದು ನೆನೆದು ಭಾರವಾಗಿ ಕಾಲಿಗೆ ತೊಡರುತ್ತದೆ. ಮುಖಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ಇವು ನೀರಿಗೆ ನಿಲ್ಲುವ ಬಣ್ಣಗಳಲ್ಲ. ಬೆನ್ನಿಗೆ ಕಟ್ಟುವ ಅಣಿ ಆಳೆತ್ತರಕ್ಕಿಂತ ಮೇಲಿರುತ್ತದೆ, ಜೂನ್ ತಿಂಗಳ ಗಾಳಿಗೆ ಅದನ್ನು ಹೊತ್ತು ನಿಲ್ಲುವುದೇ ಕಷ್ಟ. ದೀವಟಿಗೆ ಉರಿಯುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡದು ಮನುಷ್ಯರ ವಿಷಯ. ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದವರು ದೀಪಾವಳಿಯಿಂದ ಬೇಶದವರೆಗೆ ರಾತ್ರಿ ನಿದ್ದೆ ಕೆಟ್ಟು ದುಡಿದಿರುತ್ತಾರೆ. ವಾಲಗದ ಸೇರಿಗಾರರು, ದೀವಟಿಗೆ ಹಿಡಿದು ಬಟ್ಟೆ ಹಾಸುವ ಮಡಿವಾಳರು, ಚಪ್ಪರ ಹಾಕುವ ಊರಿನ ಹುಡುಗರು ಎಲ್ಲರದೂ ಅದೇ ಕಥೆ. ಮಳೆ ಹಿಡಿದ ಕೂಡಲೇ ಇವರೆಲ್ಲ ಏಣೆಲು ಬೆಳೆಯ ಗದ್ದೆಗೆ ಇಳಿಯಬೇಕಿತ್ತು. ಈಗ ಗದ್ದೆ ಕಡಿಮೆಯಾಗಿದೆ, ಆದರೆ ಆ ದೇಹಗಳಿಗೆ ವರ್ಷದಲ್ಲಿ ಸಿಗುವ ಬಿಡುವು ಇದೊಂದೇ. ನನ್ನ ಮಟ್ಟಿಗೆ ಪತ್ತನಾಜೆಯ ಕಟ್ಟಿಗೆ ಇಷ್ಟು ಕಾರಣವೇ ಸಾಕು.

ಇನ್ನು ನಮ್ಮ ಕುಟುಂಬ. ಮಗ ಸೊಸೆ ಇಬ್ಬರೂ ದುಬೈಯಲ್ಲಿ, ಎಪ್ಪತ್ತೆಂಟರ ತಾಯಿ ಊರಿನ ಮನೆಯಲ್ಲಿ. ಹಿಂದಿನ ವರ್ಷ ಮೊಮ್ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ ಅಜ್ಜಿ ಪಂಜುರ್ಲಿಗೆ ಹರಕೆ ಕೋಲ ಹೇಳಿಕೊಂಡರು. ಮಗು ಹುಷಾರಾಯಿತು. ಮಗ ಜೂನ್ ಮೊದಲ ವಾರ ಕಾಗದ ಬರೆದರು. ಜುಲೈ ಮೂರನೆಯ ವಾರ ಬರುತ್ತೇವೆ, ಅಂಗಳಕ್ಕೆ ತಗಡಿನ ಚಪ್ಪರ ಹಾಕಿಸುವ ಖರ್ಚು ನಮ್ಮದು, ಕಟ್ಟುವವರಿಗೆ ಇಮ್ಮಡಿ ಕೊಡುತ್ತೇವೆ, ಅಮ್ಮನಿಗೆ ವಯಸ್ಸಾಯಿತು, ಮುಂದೆ ಹಾಕುವುದಕ್ಕೆ ಧೈರ್ಯವಿಲ್ಲ. ಕೊನೆಯ ಆ ಮಾತಿಗೆ ಉತ್ತರ ಕೊಡುವುದೇ ಕಷ್ಟ. ಇದಕ್ಕೆ ಬರೆದ ಉತ್ತರ ಹೀಗಿದೆ:

"ಅವರಿಗೆ ದೈವಸ್ಥಾನದ ಪರವಾಗಿ ನಮಸ್ಕಾರ. ಮಗು ಚೇತರಿಸಿಕೊಂಡು ಶಾಲೆಗೆ ಹೋಗುತ್ತಿದೆ ಎಂದು ಓದಿ ನಮಗೆಲ್ಲ ಸಂತೋಷವಾಯಿತು. ಆ ದಿನಗಳಲ್ಲಿ ನಿಮ್ಮ ಅಮ್ಮ ಸ್ಥಾನಕ್ಕೆ ಬಂದು ಪ್ರಾರ್ಥನೆ ಮಾಡಿಸಿದ್ದು ಪೂಜಾರಿಯವರಿಗೆ ನೆನಪಿದೆ.

ಜುಲೈಯಲ್ಲಿ ಕೋಲ ನಡೆಸಲು ಆಗುವುದಿಲ್ಲ. ನೀವು ಟಿಕೆಟು ಮಾಡುವ ಮೊದಲೇ ತಿಳಿಯಲಿ ಎಂದು ಇವತ್ತೇ ಬರೆಯುತ್ತಿದ್ದೇವೆ. ಪತ್ತನಾಜೆ ಕಳೆದ ಮೇಲೆ ದೀಪಾವಳಿಯವರೆಗೆ ನಮ್ಮ ಸ್ಥಾನದಲ್ಲಿ ಭಂಡಾರ ಹೊರಡುವುದಿಲ್ಲ, ಗಗ್ಗರ ಕಟ್ಟುವುದಿಲ್ಲ. ಇದು ಯಾರ ಕಾಲದಲ್ಲೂ ಯಾರಿಗೂ ಬದಲಾದದ್ದಲ್ಲ. ಚಪ್ಪರದಿಂದಾಗಲಿ ಹೆಚ್ಚಿನ ಸಂಭಾವನೆಯಿಂದಾಗಲಿ ಪರಿಹಾರವಾಗುವ ಸಂಗತಿಯೂ ಅಲ್ಲ. ನಿಮ್ಮ ಮನಸ್ಸು ಒಳ್ಳೆಯದು, ಅದು ನಮಗೆ ಗೊತ್ತು.

ಹರಕೆ ತಡವಾಯಿತೆಂದು ಅಮ್ಮ ಚಿಂತೆ ಮಾಡಬಾರದು. ಹೇಳಿಕೊಂಡದ್ದನ್ನು ಮರೆಯದೆ ಇದ್ದೀರಿ, ಕೇಳಿದ್ದೀರಿ. ಕಾಲ ಕೂಡಿಬಾರದಿದ್ದರೆ ಅದು ನಿಮ್ಮ ತಪ್ಪಲ್ಲ. ಅವರಿಗೆ ಅನುಕೂಲವಾದ ದಿನ ಸ್ಥಾನಕ್ಕೆ ಬಂದರೆ, ಅವರ ಕೈಯಿಂದಲೇ ಮುಡಿಪು ಕಟ್ಟಿಸಿ ದೀಪದ ಎದುರು ಪ್ರಾರ್ಥನೆ ಮಾಡುತ್ತೇವೆ. ನಡೆಯಲು ಕಷ್ಟವಾದರೆ ಪೂಜಾರಿಯವರು ಮನೆಗೇ ಬಂದು ಮುಡಿಪು ತೆಗೆಸುತ್ತಾರೆ. ಜುಲೈಯಲ್ಲಿ ನೀವು ಬಂದಾಗ ಮಗುವನ್ನು ಕರೆದುಕೊಂಡು ಬನ್ನಿ, ದೀಪ ಇಟ್ಟು ಪ್ರಾರ್ಥನೆ ಮಾಡೋಣ.

ಕೋಲಕ್ಕೆ ಡಿಸೆಂಬರ್ ಕೊನೆಯ ವಾರ ಎರಡು ರಾತ್ರಿ ಖಾಲಿ ಇದೆ. ನಿಮ್ಮಲ್ಲಿ ಆಗಲೂ ಶಾಲೆಗೆ ರಜೆ ಇರುತ್ತದೆಂದು ತಿಳಿದೆವು. ಅದರಲ್ಲಿ ಒಂದನ್ನು ಈ ತಿಂಗಳ ಕೊನೆಯವರೆಗೆ ನಿಮಗಾಗಿ ಇಟ್ಟಿರುತ್ತೇವೆ. ಏನಿದ್ದರೂ ಫೋನು ಮಾಡಿ. ಅಮ್ಮನಲ್ಲಿ ನಾವೇ ಹೋಗಿ ಮಾತಾಡುತ್ತೇವೆ."

ಕಾಗದ ಇಷ್ಟೇ. ಇದರಲ್ಲಿ ಗಮನಿಸಬೇಕಾದ ಮೊದಲ ಸಂಗತಿ, ಆಗುವುದಿಲ್ಲ ಎಂಬ ಮಾತು ಎಲ್ಲಿದೆ ಎಂಬುದು. ಮಗುವಿನ ಕ್ಷೇಮದ ಎರಡು ಸಾಲು ಮುಗಿದ ಕೂಡಲೇ ಬಂದಿದೆ, ಮುಚ್ಚುಮರೆ ಇಲ್ಲದೆ. ನಮ್ಮ ಕಡೆ ಬೇಡ ಎನ್ನಲು ನಾಚಿಕೆ ಹೆಚ್ಚು. "ನೋಡುವ", "ಗಡಿಯವರಲ್ಲಿ ಕೇಳಿ ಹೇಳುತ್ತೇವೆ", "ದೈವದ ಮನಸ್ಸಿನಲ್ಲಿ ಇದ್ದರೆ ಆದೀತು" ಎಂದು ಹೇಳಿ ಫೋನಿಡುವವರೇ ಜಾಸ್ತಿ. ಕೇಳಿದವರು ಇದನ್ನು ಅರ್ಧ ಒಪ್ಪಿಗೆ ಎಂದುಕೊಳ್ಳುತ್ತಾರೆ. ನಾಲ್ಕು ಜನರ ವಿಮಾನದ ಟಿಕೆಟು ಆಗುತ್ತದೆ, ನೆಂಟರಿಗೆ ಹೇಳಿಕೆ ಹೋಗುತ್ತದೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿರುತ್ತದೆ. ಆಮೇಲೆ ಬೇಡ ಎಂದರೆ ಅದು ಜಗಳವೇ. ಇಂಥ ಮನಸ್ತಾಪಗಳನ್ನು ಬಿಡಿಸಿ ನೋಡಿದಾಗ ನನಗೆ ಹೆಚ್ಚಿನ ಸಲ ಕಂಡದ್ದು ಮೊದಲ ದಿನದ "ನೋಡುವ" ಎಂಬ ಮಾತೇ. ಸಂಕೋಚದಿಂದ ಆಡಿದ ಮಾತು ಕೊನೆಗೆ ಕ್ರೂರವಾಗಿಬಿಡುತ್ತದೆ.

ಎರಡನೆಯದು, ನಿಯಮವನ್ನು ಯಾರ ಹೆಸರಿನಲ್ಲಿ ಹೇಳಿದ್ದಾರೆ ಎಂಬುದು. "ಸಮಿತಿ ಒಪ್ಪಲಿಲ್ಲ" ಎಂದು ಬರೆದಿದ್ದರೆ ಸಮಿತಿಯಲ್ಲಿ ಯಾರು ಒಪ್ಪಲಿಲ್ಲ ಎಂಬ ಹುಡುಕಾಟ ಶುರುವಾಗುತ್ತಿತ್ತು. ಒಬ್ಬ ಸದಸ್ಯರ ಮನೆಗೆ ಫೋನು, ಇನ್ನೊಬ್ಬರಿಗೆ ಶಿಫಾರಸು. ಭಂಡಾರ ಹೊರಡುವುದಿಲ್ಲ ಎಂದು ಬರೆದಾಗ ಆ ದಾರಿ ಮುಚ್ಚುತ್ತದೆ. ದೈವದ ಕತ್ತಿ, ಗಂಟೆ, ಮೊಗ ಮೊದಲಾದವು ಇರುವುದು ಭಂಡಾರದ ಮನೆಯಲ್ಲಿ. ಅಲ್ಲಿಂದ ವಾಲಗದೊಂದಿಗೆ ಅಂಗಳಕ್ಕೆ ಬಂದರೆ ಮಾತ್ರ ಕೋಲ. ಅದು ಹೊರಡದಿದ್ದ ಮೇಲೆ ಬಣ್ಣ ಹಚ್ಚಿ ಕುಣಿದರೂ ಅದು ಹರಕೆ ಸಂದಂತಲ್ಲ ಎಂದು ಮನೆಯವರಿಗೇ ಗೊತ್ತಿರುತ್ತದೆ. ನಿಯಮದ ಯಾವ ಗಂಟು ಬಿಚ್ಚುವುದಿಲ್ಲವೋ ಅದನ್ನೇ ಹೆಸರಿಟ್ಟು ಹೇಳಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ, ಕೇಳಿದವರಿಗೆ ತಮ್ಮನ್ನು ತಳ್ಳಿದರು ಎಂದೂ ಅನಿಸುವುದಿಲ್ಲ.

ಆದರೆ ಹೀಗೆ ಹೇಳುವ ಹಕ್ಕು ಸ್ಥಾನಕ್ಕೆ ಇರಬೇಕಾದರೆ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ದೊಡ್ಡ ಮೊತ್ತ ಕೊಟ್ಟವರಿಗಾಗಿ ಒಂದು ಮಳೆಗಾಲದಲ್ಲಿ ಗಗ್ಗರ ಕಟ್ಟಿಸಿದ ಸ್ಥಾನ ಈ ಕಾಗದ ಬರೆಯುವಂತಿಲ್ಲ. ಬರೆದರೂ ಊರು ನಗುತ್ತದೆ. ಹಾಗೆಯೇ, ತಮ್ಮ ಅನುಕೂಲವನ್ನು ಕಟ್ಟುಕಟ್ಟಳೆ ಎಂದು ಹೇಳಿ ಜಾರಿಕೊಳ್ಳುವುದೂ ಸಲ್ಲದು. ಆ ವಾರ ಮೊಕ್ತೇಸರರ ಮನೆಯಲ್ಲಿ ಮದುವೆ ಇದ್ದರೆ ಮದುವೆ ಇದೆ ಎಂದೇ ಹೇಳಬೇಕು. ಕಟ್ಟುಕಟ್ಟಳೆಯ ಹೆಸರಿನಲ್ಲಿ ಇಂಥ ಜಾತಿಯವರು ಅಂಗಳದ ಇಂತಿಷ್ಟು ದೂರ ನಿಲ್ಲಬೇಕು ಎನ್ನುವ ರೂಢಿಗಳೂ ನಮ್ಮಲ್ಲಿ ಇದ್ದವು, ಪೂರ್ತಿ ಹೋಗಿಯೂ ಇಲ್ಲ. ಅವನ್ನು ಎಷ್ಟು ಮೆತ್ತಗಿನ ಮಾತಿನಲ್ಲಿ ಬರೆದರೂ ಅದು ಅವಮಾನವೇ. ನಾನಿಲ್ಲಿ ಹೇಳುತ್ತಿರುವ ಸೌಜನ್ಯ ಅಂಥವುಗಳಿಗೆ ಅಲ್ಲ. ಪತ್ತನಾಜೆ ಗುತ್ತಿನ ಮನೆಗೂ ಒಂದೇ, ಬಿಡಾರದ ಮನೆಗೂ ಒಂದೇ.

ಹಣದ ಮಾತಿಗೆ ಕೊಟ್ಟ ಉತ್ತರವನ್ನೂ ನೋಡಬೇಕು. ತಗಡಿನ ಚಪ್ಪರ, ಇಮ್ಮಡಿ ಸಂಭಾವನೆ ಎಂದು ಬರೆದ ಮಗನನ್ನು "ದುಡ್ಡಿನಿಂದ ಎಲ್ಲ ಆಗುತ್ತದೆಂದು ತಿಳಿದಿರಾ" ಎಂದು ಚುಚ್ಚಬಹುದಿತ್ತು. ಹಾಗೆ ಚುಚ್ಚಿದ ಉತ್ತರಗಳನ್ನು ಕೇಳಿದ್ದೇನೆ, ಅವು ಮನೆತನವನ್ನೇ ಸ್ಥಾನದಿಂದ ದೂರ ಮಾಡಿವೆ. ಪರಊರಿನಲ್ಲಿ ಇರುವವನಿಗೆ ಇಲ್ಲಿನ ತೊಂದರೆಯನ್ನು ತನ್ನ ಕೈಲಾದ ರೀತಿಯಲ್ಲಿ ನೀಗಿಸುವ ಆಸೆ ಇತ್ತು, ಅವನ ಕೈಲಾಗುವುದು ಹಣ ಮಾತ್ರ. ಕಾಗದ ಅದನ್ನು ಒಂದೇ ವಾಕ್ಯದಲ್ಲಿ ಬದಿಗಿಟ್ಟು, ಮನಸ್ಸು ಒಳ್ಳೆಯದು ಎಂದು ಹೇಳಿ ಮುಂದೆ ಹೋಗುತ್ತದೆ.

ಹಣ ನಿಜವಾಗಿ ಕೆಡಿಸುವುದು ಇನ್ನೊಂದು ಕಡೆ. ಸ್ಥಾನದವರು ಬೇಡ ಎಂದಾಗ ಕೆಲವರು ದೈವ ಕಟ್ಟುವವರ ಮನೆಗೇ ನೇರ ಹೋಗುತ್ತಾರೆ. ನಮ್ಮ ಮನೆಯಂಗಳದಲ್ಲೇ ಕಟ್ಟಿಕೊಡಿ, ಕೇಳಿದಷ್ಟು ಕೊಡುತ್ತೇವೆ ಎನ್ನುತ್ತಾರೆ. ಕೋಲ ಗೊತ್ತಾದಾಗ ಸ್ಥಾನದ ಎದುರು ಎಣ್ಣೆ ಬೂಳ್ಯ ಪಡೆದ ಮೇಲೆಯೇ ಅವರು ಬಣ್ಣಕ್ಕೆ ಕೂರುವ ಕ್ರಮ. ಯಾವ ಸ್ಥಾನದಲ್ಲಿ ಯಾವ ಮನೆಯವರು ಕಟ್ಟಬೇಕು ಎಂಬ ಹಕ್ಕೂ ತಲೆಮಾರಿನಿಂದ ನಡೆದುಬಂದದ್ದು. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಇಂಥ ಆಮಿಷ ಬಂದರೆ, ಒಪ್ಪಿದರೂ ಬೇಡ ಎಂದರೂ ಪೆಟ್ಟು ಬೀಳುವುದು ಅವರಿಗೇ. ಆದ್ದರಿಂದ ಸ್ಥಾನದ ಉತ್ತರ ಗಟ್ಟಿಯಾಗಿರುವುದು ಮುಖ್ಯ. ಮೊಕ್ತೇಸರರು ಸಡಿಲಾಗಿ ಮಾತಾಡಿದರೆ ಆ ಭಾರವನ್ನು ಪರವರ ಅಥವಾ ನಲಿಕೆಯವರ ಜಗಲಿಗೆ ದಾಟಿಸಿದಂತಾಗುತ್ತದೆ.

ಈಗ ಅಮ್ಮನ ವಿಷಯ. ಹರಕೆ ಹೇಳಿಕೊಂಡವರು ಅವರು, ಭಯವೂ ಅವರದೇ. "ಬಾಕಿ ಇಟ್ಟು ಹೋದರೆ ಮಕ್ಕಳ ತಲೆಗೆ ಬರುತ್ತದೋ ಏನೋ" ಎಂಬುದು ಹಳ್ಳಿಯ ಮುದುಕಿಯರನ್ನು ರಾತ್ರಿಯಿಡೀ ಎಬ್ಬಿಸಿ ಕೂರಿಸುವ ಚಿಂತೆ. ಇಂಥ ಹೊತ್ತಿನಲ್ಲಿ ನಿಯಮದ ಬಲಕ್ಕಾಗಿ ದೈವದ ಕೋಪವನ್ನು ಎತ್ತಿ ಹೇಳುವವರಿದ್ದಾರೆ. ಪತ್ತನಾಜೆ ಮೀರಿದರೆ ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಹೆದರಿಸಿದರೆ ಕೋರಿಕೆ ಅಲ್ಲಿಗೇ ನಿಲ್ಲುತ್ತದೆ ನಿಜ. ಆದರೆ ಆ ಹೆದರಿಕೆ ಕಾಯಿಲೆಯಿಂದ ಎದ್ದ ಮಗುವಿನ ಸುತ್ತಲೇ ಸುತ್ತುತ್ತದೆ. ಮುಂದೆ ಮಗುವಿಗೆ ಜ್ವರ ಬಂದರೂ ಕೋಲ ಕೇಳಿದ್ದೇ ಕಾರಣ ಎನ್ನುವ ಮನೆ ಅದು. ಅದಕ್ಕೇ ಈ ಕಾಗದದಲ್ಲಿ ಭಯದ ಒಂದು ಅಕ್ಷರವೂ ಇಲ್ಲ. ತಡವಾದದ್ದು ನಿಮ್ಮ ತಪ್ಪಲ್ಲ ಎಂದು ಸ್ಥಾನದ ಕಡೆಯಿಂದಲೇ ಹೇಳಿದ್ದಾರೆ. ಆ ಮಾತು ಮಗ ಹೇಳಿದರೆ ಅಮ್ಮನಿಗೆ ಸಾಲದು, ಸ್ಥಾನದವರು ಹೇಳಬೇಕು.

ಮಾತಿನ ಜೊತೆ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ಅದಕ್ಕೆ ಮುಡಿಪು. ಒಂದು ನಾಣ್ಯ ತೊಳೆದು, ಶುಭ್ರವಾದ ಸಣ್ಣ ಬಟ್ಟೆಯ ತುಂಡಿನಲ್ಲಿ ಇಟ್ಟು, ಹರಕೆ ಹೇಳಿಕೊಂಡವರೇ ಗಂಟು ಹಾಕುತ್ತಾರೆ. ದೀಪದ ಎದುರು ಅದನ್ನು ಹಿಡಿದು ನಿಂತಾಗ ಪೂಜಾರಿ ಅವರ ಪರವಾಗಿ ಅರಿಕೆ ಮಾಡುತ್ತಾರೆ: ಇಂಥ ಮನೆಯವರು, ಇಂಥ ಮಗುವಿಗಾಗಿ ಹೇಳಿಕೊಂಡ ಕೋಲ, ಕಾಲ ಕೂಡಿದಾಗ ನಡೆಸಿಕೊಡುತ್ತಾರೆ, ಅಲ್ಲಿಯವರೆಗೆ ಕಾಯಬೇಕು. ಕೋಲದ ರಾತ್ರಿ ಆ ಗಂಟನ್ನು ಒಪ್ಪಿಸಿದರೆ ಹರಕೆ ಸಂದ ಹಾಗೆ. ಅಷ್ಟರಲ್ಲಿ ಅಜ್ಜಿಗೆ ಏನಾದರೂ ಆದರೂ, ಗಂಟು ಇರುವುದರಿಂದ ಮನೆಯವರು ಮುಂದುವರಿಸಬಹುದು. ಅವರ ಕೈಯಿಂದ ಆಗಬೇಕಾದ ಕೆಲಸ ಆಗಿರುತ್ತದೆ. ಎಪ್ಪತ್ತೆಂಟರ ಜೀವಕ್ಕೆ ಡಿಸೆಂಬರ್ ತುಂಬ ದೂರ ಎಂಬ ಮಗನ ಆತಂಕಕ್ಕೆ ಇರುವ ಪರಿಹಾರ ಇದು, ಸ್ಥಾನದ ಕ್ರಮದ ಒಳಗಿನಿಂದಲೇ ಸಿಕ್ಕಿದ್ದು. ಬೇಡ ಎನ್ನುವವರು ಬದಲಿಗೆ ಏನು ಕೊಡಬಹುದು ಎಂದು ತಮ್ಮ ಕ್ರಮದಲ್ಲೇ ಹುಡುಕಬೇಕು. ಹುಡುಕಿದರೆ ಬಹುಪಾಲು ಸಿಗುತ್ತದೆ.

ಬದಲಿ ಕೊಡುವಾಗ ಒಂದು ಎಚ್ಚರ ಬೇಕು. ಜುಲೈಯಲ್ಲಿ ದೀಪ ಇಟ್ಟು ಪ್ರಾರ್ಥನೆ ಮಾಡೋಣ ಎಂದು ಬರೆದಾಗ, ಮನೆಯವರು ಅದನ್ನೇ ಸಣ್ಣ ಕೋಲ ಎಂದು ತಿಳಿದು ನೂರು ಜನರನ್ನು ಕರೆಯಬಾರದು. ನಮ್ಮ ಕುಟುಂಬದ ವಿಷಯದಲ್ಲಿ ಅಂಥದ್ದೇ ಒಂದು ಪ್ರಶ್ನೆ ಬಂತು. ವಾಲಗದವರನ್ನಾದರೂ ಕರೆಯಬಹುದೇ, ಮಗು ನೋಡಿದ ಹಾಗಾಗುತ್ತದೆ ಎಂದು ಸೊಸೆ ಕೇಳಿದರು. ಮೊಕ್ತೇಸರರು, "ಬೇಡಮ್ಮ. ಈಗ ದೀಪ ಮಾತ್ರ. ವಾಲಗ ಡಿಸೆಂಬರಿನಲ್ಲಿ ಮನಸಾರೆ ಕೇಳುವ" ಎಂದರು. ಆ ಸಣ್ಣ ಬೇಡವನ್ನು ಹೇಳದಿದ್ದರೆ ದೊಡ್ಡ ಬೇಡ ಹೇಳಿ ಫಲವಿರಲಿಲ್ಲ.

ದಿನ ಕೊಡುವುದರಲ್ಲೂ ನಾಜೂಕು ಇದೆ. "ದೀಪಾವಳಿ ಕಳೆದ ಮೇಲೆ ನೋಡುವ" ಎಂದರೆ ಮತ್ತೆ ಗಾಳಿಗೆ ಬಿಟ್ಟ ಹಾಗೆ. ಎರಡು ರಾತ್ರಿಯನ್ನು ತೋರಿಸಿ, ಒಂದನ್ನು ಇಂತಿಷ್ಟು ದಿನ ಹಿಡಿದಿಟ್ಟರೆ ಮನೆಯವರು ರಜೆ, ಟಿಕೆಟು ಲೆಕ್ಕ ಹಾಕಬಹುದು. ಹಾಗೆ ಹೇಳುವ ಮುಂಚೆ ಸ್ಥಾನದವರು ತಮ್ಮ ಪುಸ್ತಕ ನೋಡಿರಬೇಕು. ಮೊದಲೇ ಬರೆಸಿದವರ ಕೋಲ ಇರುತ್ತದೆ. ಕಟ್ಟುವವರಿಗೆ ಆ ರಾತ್ರಿ ಬೇರೆ ಸ್ಥಾನದಲ್ಲಿ ಕೆಲಸ ಇದೆಯೇ ಎಂದು ಕೇಳಬೇಕು. ಇವರು ಅದನ್ನೆಲ್ಲ ಮುಗಿಸಿಯೇ ಬರೆದರು, ಆದರೂ ಉತ್ತರ ನಾಲ್ಕು ದಿನದೊಳಗೆ ಹೋಯಿತು.

ಮಗ ಮೊದಲ ರಾತ್ರಿಯನ್ನೇ ಒಪ್ಪಿಕೊಂಡರು. ಮೊಕ್ತೇಸರರು ಹೇಳಿದಂತೆ ಅಮ್ಮನ ಮನೆಗೆ ಹೋದರು, ಕಾಗದವನ್ನು ಓದಿ ಹೇಳಿದರು. ಅವರು ಕೇಳಿದ್ದು ಒಂದೇ: "ನಾನು ಹೇಳಿಕೊಂಡದ್ದು ಅವನಿಗೆ ಕೇಳಿಸಿದೆಯಲ್ಲ?" ಕೇಳಿಸಿದೆ ಎಂದರು. ಸಂಕ್ರಮಣದ ದಿನ ಆಟೋದಲ್ಲಿ ಬಂದು ಮುಡಿಪು ಕಟ್ಟಿದರು.

ಕೋಲದ ದಿನ ಗೊತ್ತಾದ ಮೇಲೆ ಸ್ಥಾನದಿಂದ ಇನ್ನೊಂದು ಸಣ್ಣ ಕಾಗದ ಹೋಗಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಅದರಲ್ಲಿ ಗೊನೆ ಕಡಿಯುವ ದಿನ ಯಾವುದು, ಅಂದು ಮನೆಯ ಕಡೆಯಿಂದ ಯಾರು ಇರಬೇಕು, ಯಾವುದರ ಖರ್ಚು ಯಾರದು ಎಂಬುದು ಇರಬೇಕು. ಮುಖ್ಯವಾಗಿ, ಅಷ್ಟರಲ್ಲಿ ಕುಟುಂಬದಲ್ಲಿ ಹೆರಿಗೆಯ ಅಮೆ ಅಥವಾ ಸಾವಿನ ಸೂತಕ ಬಂದರೆ ಗೊತ್ತಾದ ಕೋಲವನ್ನೂ ಮುಂದೆ ಹಾಕಬೇಕಾಗುತ್ತದೆ, ಆಗ ಕೂಡಲೇ ತಿಳಿಸಿ ಎಂದು ಮೊದಲೇ ಬರೆದಿಡಬೇಕು. ಡಿಸೆಂಬರಿನಲ್ಲಿ ಬಾಗಿಲಿಗೆ ಬಂದು ನಿಂತವರಿಗೆ ಅದನ್ನು ಹೊಸದಾಗಿ ಹೇಳುವ ಪ್ರಸಂಗ ಬರಬಾರದು. ಈ ಕುಟುಂಬಕ್ಕೆ ಆ ಕಾಗದ ಸೋಣ ತಿಂಗಳಲ್ಲಿ ಹೋಯಿತು. ಟಿಕೆಟು ಬದಲಾಯಿಸಲು ಬರುವಂಥದ್ದನ್ನೇ ತೆಗೆಯಿರಿ ಎಂಬ ಸಾಲೂ ಅದರಲ್ಲಿತ್ತು.